ನೀರಿಗೆ ಲೆಕ್ಕವಿರಲಿ, ಮಾಲೀಕರಿಗೂ ಪಾಲಿರಲಿ

2024ರ ಏಪ್ರಿಲ್ ತಿಂಗಳ ಮೊದಲ ದಿನ ನಾವು ಬಾಡಿಗೆಗಿರುವ ಕಟ್ಟಡದ ಮೆಟ್ಟಿಲ ಗೋಡೆಗೆ ಒಂದು ಚೀಟಿ ಅಂಟಿಕೊಂಡಿತ್ತು. ಮಾರ್ಚ್ ತಿಂಗಳಲ್ಲಿ 40 ಲೋಡು ಟ್ಯಾಂಕರ್ ನೀರು ಬಂದಿದೆ, ಲೋಡಿಗೆ 1,000 ರೂಪಾಯಿಯಂತೆ 40,000, ಹನ್ನೆರಡು ಮನೆಗಳಿಗೆ ಹಂಚಿದರೆ ಮನೆಗೆ 3,333 ರೂಪಾಯಿ, ಐದನೇ ತಾರೀಕಿನೊಳಗೆ ಕೊಡತಕ್ಕದ್ದು ಎಂದು ಅದರಲ್ಲಿತ್ತು. ಕೆಳಗೆ ಮಾಲೀಕರ ಸಹಿ. ನೆಲಮಹಡಿಯ ಹಿಂಬದಿಯ ಒಂದೇ ಕೋಣೆಯ ಮನೆಯಲ್ಲಿ ಒಬ್ಬ ವಿಧವೆ ತನ್ನ ಮಗಳೊಂದಿಗೆ ಇದ್ದಾರೆ. ನಾವೆಲ್ಲ ಅವರನ್ನು ಖಾಲಾ ಎನ್ನುತ್ತೇವೆ. ಬಟ್ಟೆ ಹೊಲಿದು ಬದುಕುವವರು. ಮನೆ ಬಾಡಿಗೆ 9,000. ಆ ಚೀಟಿಯ ಮುಂದೆ ನಿಂತು ಅವರು ನನ್ನನ್ನು ಕೇಳಿದ ಪ್ರಶ್ನೆ ಒಂದೇ: "ಬೇಟಿ, ನಾವಿಬ್ಬರು ಒಂದು ತಿಂಗಳಲ್ಲಿ ಅಷ್ಟು ನೀರು ಕುಡಿದೆವಾ?"

ಈ ಲೇಖನ ಆ ಪ್ರಶ್ನೆಗೆ ಉತ್ತರ. ಬೆಂಗಳೂರಿನ ಬಾಡಿಗೆ ಕಟ್ಟಡಗಳಲ್ಲಿ ನೀರಿನ ಜಗಳ ಎಂದು ನಾವು ಕರೆಯುವುದು ಬಹುಪಾಲು ನೀರಿನ ಜಗಳವೇ ಅಲ್ಲ, ಅದು ಲೆಕ್ಕದ ಜಗಳ. ಮಳೆ ಬರಲಿಲ್ಲ, ಅಂತರ್ಜಲ ಇಳಿಯಿತು ಎಂಬುದೆಲ್ಲ ನಿಜ. ಆದರೆ ಬಂದ ನೀರೆಷ್ಟು, ಸೋರಿದ್ದೆಷ್ಟು, ಯಾರು ಬಳಸಿದ್ದೆಷ್ಟು ಎಂದು ಅಳೆಯದೆ ಖರ್ಚನ್ನೆಲ್ಲ ಬಾಡಿಗೆದಾರರ ತಲೆಗೆ ಸಮನಾಗಿ ಕಟ್ಟುವುದು ದೇವರ ಇಚ್ಛೆಯಲ್ಲ. ಅದು ಮನುಷ್ಯರು ಮಾಡಿಕೊಂಡ ಅನುಕೂಲ. ಆ ಖರ್ಚಿನಲ್ಲಿ ಮಾಲೀಕರಿಗೆ ಪಾಲಿಲ್ಲದಿರುವವರೆಗೆ ಯಾವ ಬಾಡಿಗೆ ಕಟ್ಟಡದ ನೀರಿನ ಕಷ್ಟವೂ ತೀರುವುದಿಲ್ಲ ಎಂಬುದು ನನ್ನ ವಾದ.

ನಮ್ಮದು ನಗರದ ಅಂಚಿನಲ್ಲಿ, 2007ರಲ್ಲಿ ಅಂದಿನ ಮಹಾನಗರ ಪಾಲಿಕೆಗೆ ಸೇರಿದ 110 ಹಳ್ಳಿಗಳ ಪೈಕಿ ಒಂದರಲ್ಲಿರುವ ಕಟ್ಟಡ. ಹನ್ನೆರಡು ಬಾಡಿಗೆ ಮನೆಗಳಲ್ಲಿ 52 ಜನ. ಮೇಲಿನ ಮಹಡಿಯಲ್ಲಿ ಮಾಲೀಕರದೇ ಮನೆ, ಅಲ್ಲಿ ಐವರು. ಮಾಲೀಕರು ಹಜ್ ಮಾಡಿ ಬಂದವರು, ಒಳ್ಳೆಯ ಮನುಷ್ಯ, ರಂಜಾನಿನಲ್ಲಿ ಎಲ್ಲ ಮನೆಗಳಿಗೂ ಹಲೀಮ್ ಕಳುಹಿಸುವವರು. ಅವರ ಮೇಲೆ ನನಗೆ ಹಗೆಯಿಲ್ಲ. ಒಳ್ಳೆಯ ಮನುಷ್ಯರ ಕಟ್ಟಡದಲ್ಲೂ ಲೆಕ್ಕ ತಪ್ಪಬಹುದು ಎಂಬುದಕ್ಕಾಗಿ ಈ ಮಾತು ಹೇಳಿದೆ.

ನಾವು ಮನೆ ನೋಡಲು ಬಂದಾಗ ಗೇಟಿನ ಮೇಲೆ "24 ಗಂಟೆ ನೀರು" ಎಂಬ ಬೋರ್ಡು ಇತ್ತು. ಆ ಬೋರ್ಡಿನ ಆಧಾರ 900 ಅಡಿಯ ಒಂದು ಕೊಳವೆಬಾವಿ. ಅದು ಒಂದೇ ದಿನದಲ್ಲಿ ಬತ್ತಲಿಲ್ಲ. ಯಾವ ಬೋರೂ ಹಾಗೆ ಸಾಯುವುದಿಲ್ಲ, ಅದಕ್ಕೂ ಮುನ್ಸೂಚನೆಗಳಿರುತ್ತವೆ. ಮೊದಲು ಪೈಪು ನೀರಿನ ಜೊತೆ ಗಾಳಿಯನ್ನೂ ಉಗುಳತೊಡಗಿತು. ಆಮೇಲೆ ನೀರು ಕೆಸರು ಬಣ್ಣಕ್ಕೆ ತಿರುಗಿತು. 2023ರ ಮಳೆಗಾಲದಲ್ಲಿ ಎರಡು ಗಂಟೆ ಬಿಡದೆ ಓಡುತ್ತಿದ್ದ ಮೋಟಾರು ಡಿಸೆಂಬರಿನ ಹೊತ್ತಿಗೆ ನಲವತ್ತು ನಿಮಿಷಕ್ಕೆ ನಿಂತುಬಿಡುತ್ತಿತ್ತು. ನೀರಿಲ್ಲದೆ ಓಡಿ ಸುಟ್ಟುಹೋಗದಂತೆ ಪ್ಯಾನಲ್ ಬೋರ್ಡೇ ಅದನ್ನು ಆರಿಸುತ್ತಿತ್ತು. ಐದಾರು ಗಂಟೆ ಬಿಟ್ಟರೆ ಮತ್ತೆ ಒಂದು ಕಾಲು ಗಂಟೆ ನೀರು. ಫೆಬ್ರವರಿಯಲ್ಲಿ ಅದೂ ನಿಂತಿತು. ಈ ಹೊತ್ತುಗಳನ್ನು ಯಾರಾದರೂ ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದರೆ ಎರಡು ತಿಂಗಳ ಮೊದಲೇ ಟ್ಯಾಂಕರಿನವರೊಡನೆ ಮಾತಾಡಿಕೊಳ್ಳಬಹುದಿತ್ತು. ಬರೆದಿಡಲಿಲ್ಲವಾದ್ದರಿಂದ ಇಡೀ ಬೆಂಗಳೂರು ಟ್ಯಾಂಕರಿಗೆ ಫೋನು ಮಾಡುತ್ತಿದ್ದ ವಾರದಲ್ಲಿ ನಾವೂ ಮಾಡಿದೆವು.

ಮಾಲೀಕರ ಮೊದಲ ಸಲಹೆ ಹೊಸ ಬೋರು ಕೊರೆಸುವುದು. 1,400 ಅಡಿಗೆ ಹೋಗೋಣ, ಮನೆಗೆ 20,000 ಕೊಡಿ ಎಂದರು. ಇಲ್ಲಿ ಬಾಡಿಗೆದಾರರಿಗೆ ನನ್ನದೊಂದು ಗಟ್ಟಿ ಮಾತಿದೆ: ಇದಕ್ಕೆ ಒಪ್ಪಬೇಡಿ. ಬೆಂಗಳೂರಿನ ಅಡಿಯಲ್ಲಿರುವುದು ಗಟ್ಟಿ ಕಲ್ಲು. ಆ ಕಲ್ಲಿನೊಳಗೆ ಕೆರೆಯಿಲ್ಲ, ಬಿರುಕುಗಳಿವೆ, ನೀರಿರುವುದು ಆ ಬಿರುಕುಗಳಲ್ಲಿ ಮಾತ್ರ. ಆಳಕ್ಕೆ ಹೋದಷ್ಟೂ ಕಲ್ಲಿನ ಭಾರಕ್ಕೆ ಬಿರುಕುಗಳು ಕಡಿಮೆಯಾಗುತ್ತ ಹೋಗುತ್ತವೆ. ನಮ್ಮ ಪಕ್ಕದ ಸೈಟಿನಲ್ಲಿ 1,300 ಅಡಿ ಕೊರೆದಾಗ ಬಂದದ್ದು ಬಿಳಿ ಧೂಳು, ಅದು ನಮ್ಮೆಲ್ಲರ ಬಟ್ಟೆ ಒಣಗಿಸುವ ಹಗ್ಗದ ಮೇಲೆ ಕೂತಿತು. ನೀರು ಸಿಕ್ಕಿತೆಂದೇ ಇಟ್ಟುಕೊಳ್ಳಿ, ಆ ಬೋರು ಯಾರದು? ನಾಳೆ ನಾವು ಮನೆ ಖಾಲಿ ಮಾಡಿದರೆ ನಮ್ಮ 20,000 ರೂಪಾಯಿಯನ್ನು ನೆಲದಿಂದ ಕಿತ್ತುಕೊಂಡು ಹೋಗಲಾದೀತೇ? ಬಾಡಿಗೆದಾರ ಬಳಸಿದ ನೀರಿಗೆ ಹಣ ಕೊಡಬೇಕು. ಮಾಲೀಕರ ಆಸ್ತಿಗೆ ಬಂಡವಾಳ ಹಾಕಬೇಕಾಗಿಲ್ಲ.

ಹೊಸ ಬೋರಿನ ಮಾತು ಹಾಗೆ ನಿಂತು ಟ್ಯಾಂಕರು ಉಳಿಯಿತು. ಮಾರ್ಚ್ ಮೊದಲ ವಾರದಲ್ಲಿ ಬೆಂಗಳೂರು ನಗರ ಜಿಲ್ಲಾಡಳಿತ ಖಾಸಗಿ ಟ್ಯಾಂಕರುಗಳಿಗೆ ದರ ಕಟ್ಟಿತ್ತು. 6,000 ಲೀಟರಿನ ಲೋಡಿಗೆ ಐದು ಕಿಲೋಮೀಟರಿನೊಳಗೆ 600 ರೂಪಾಯಿ, ಐದರಿಂದ ಹತ್ತು ಕಿಲೋಮೀಟರಿಗೆ 750. ನಮ್ಮ ಟ್ಯಾಂಕರಿನವನಿಗೆ ಇದನ್ನು ತೋರಿಸಿದಾಗ, "ಆ ದರಕ್ಕೆ ಕೊಡುವವರನ್ನೇ ಕರೆಸಿಕೊಳ್ಳಿ ಮೇಡಂ" ಎಂದ. ದೂರು ಕೊಡಬಹುದಿತ್ತು. ಆದರೆ ಹನ್ನೆರಡು ಮನೆಗಳಿಗೆ ಮರುದಿನ ಬೆಳಿಗ್ಗೆ ನೀರು ಬೇಕಾಗಿತ್ತು, ಯಾರೂ ಕೊಡಲಿಲ್ಲ. ಈ ದರದ ಚರ್ಚೆಯಲ್ಲಿ ಪತ್ರಿಕೆಗಳೂ ನಾವೂ ಮರೆತ ಒಂದು ಸಂಗತಿಯಿದೆ. ಸರ್ಕಾರ ಕಟ್ಟಿದ್ದು ಲೋಡಿನ ಬೆಲೆಯನ್ನು. ಲೋಡಿನೊಳಗೆ ನಿಜಕ್ಕೂ ಎಷ್ಟು ನೀರಿದೆ ಎಂದು ನೋಡಲು ಗೇಟಿನ ಹತ್ತಿರ ಯಾರಿದ್ದಾರೆ? ಬೆಲೆಯನ್ನು ಒತ್ತಿ ಹಿಡಿದರೆ ನೀರು ಕಡಿಮೆಯಾಗುತ್ತದೆ, ಅಷ್ಟೆ.

ಅದನ್ನು ನೋಡಲು ಯಂತ್ರ ಬೇಕಿಲ್ಲ, ಒಂದು ಕೋಲು ಸಾಕು. ನಾನು ನಾಲ್ಕನೇ ತರಗತಿಯವರೆಗೆ ಉರ್ದು ಶಾಲೆಯಲ್ಲೂ ಆಮೇಲೆ ಕನ್ನಡ ಶಾಲೆಯಲ್ಲೂ ಓದಿದವಳು. ಎರಡೂ ಭಾಷೆಗಳಲ್ಲಿ ಗಣಿತವೆಂದರೆ ನಡುಕ. ಆದರೂ ಈ ಲೆಕ್ಕ ನನಗೆ ಬಂತು. ನಮ್ಮ ಸಂಪು ಒಳಗಿನಿಂದ ಎರಡೂವರೆ ಮೀಟರ್ ಉದ್ದ, ಎರಡು ಮೀಟರ್ ಅಗಲ, ಎರಡು ಮೀಟರ್ ಆಳ. ಅಂದರೆ 10,000 ಲೀಟರ್. ಆಳ 200 ಸೆಂಟಿಮೀಟರ್ ಆದ್ದರಿಂದ ನೀರು ಒಂದು ಸೆಂಟಿಮೀಟರ್ ಏರಿದರೆ 50 ಲೀಟರ್ ಬಂದಂತೆ. 6,000 ಲೀಟರ್ ಸುರಿದರೆ ನೀರು 120 ಸೆಂಟಿಮೀಟರ್ ಏರಲೇಬೇಕು. ಬಿದಿರಿನ ಕೋಲೊಂದಕ್ಕೆ ಟೇಪು ಹಿಡಿದು ಗೀಟು ಹಾಕಿದೆವು. ಟ್ಯಾಂಕರು ಪೈಪು ಇಳಿಬಿಡುವ ಮೊದಲು ಒಮ್ಮೆ, ಪೈಪು ತೆಗೆದ ಮೇಲೆ ಒಮ್ಮೆ ಕೋಲು ಮುಳುಗಿಸಿ ನೋಡುವುದು. ನಡುವೆ ಸಂಪಿನಿಂದ ಮೇಲಕ್ಕೆ ನೀರೆತ್ತುವ ಮೋಟಾರು ಕಡ್ಡಾಯವಾಗಿ ಆರಿರಬೇಕು. ಇಲ್ಲವಾದರೆ ಟ್ಯಾಂಕರಿನವನ ನೀರು ಒಂದು ಕಡೆ ಬರುತ್ತ ಇನ್ನೊಂದು ಕಡೆ ಹೋಗುತ್ತಿರುತ್ತದೆ, ಅಳತೆ ತಪ್ಪುತ್ತದೆ, ಅವನ ಮೇಲೆ ಸುಮ್ಮನೆ ಅಪವಾದ ಹೊರಿಸಿದಂತಾಗುತ್ತದೆ.

ಮೊದಲ ದಿನ ನೀರು ಏರಿದ್ದು 96 ಸೆಂಟಿಮೀಟರ್. ಎರಡನೇ ದಿನ 95. ಮೂರನೇ ದಿನ 97. ಆರು ಸಾವಿರದ ಲೋಡಿನಲ್ಲಿ ಬರುತ್ತಿದ್ದದ್ದು ಹೆಚ್ಚುಕಡಿಮೆ 4,800 ಲೀಟರ್, ಅಂದರೆ ಐದರಲ್ಲಿ ಒಂದು ಪಾಲು ಕಡಿಮೆ. ನಾಲ್ಕನೇ ದಿನ ಡ್ರೈವರನ ಕೈಗೇ ಕೋಲು ಕೊಟ್ಟೆವು. ಅವನು ಜಗಳವಾಡಲಿಲ್ಲ. ತುಂಬಿಸುವ ಬೋರಿನ ಮುಂದೆ ಹತ್ತು ಗಾಡಿಗಳು ಸಾಲುಗಟ್ಟಿರುತ್ತವೆ, ಬೋರಿನವನು ನಿಮಿಷದ ಲೆಕ್ಕದಲ್ಲಿ ತುಂಬಿಸಿ ಹೊರಡಿಸುತ್ತಾನೆ, ದಾರಿಯಲ್ಲಿ ಮುಚ್ಚಳದಿಂದ ಒಂದಿಷ್ಟು ಚೆಲ್ಲುತ್ತದೆ ಎಂದ. ಇದ್ದರೂ ಇರಬಹುದು. ನಾವು ಅವನನ್ನು ಕಳ್ಳನೆನ್ನಲಿಲ್ಲ. ಇನ್ನು ಮುಂದೆ 120 ಸೆಂಟಿಮೀಟರಿಗೆ 1,000 ರೂಪಾಯಿ, 96ಕ್ಕೆ 800, ಕೋಲು ತೋರಿಸಿದಷ್ಟಕ್ಕೆ ಹಣ ಎಂದೆವು. ಒಂದು ದಿನ ಮುನಿಸಿಕೊಂಡು ಬರಲಿಲ್ಲ. ಮರುದಿನ ಬಂದ. ದಿನವೂ ಕಾಸು ಎಣಿಸಿಕೊಡುವ, ಸಾಲ ಹೇಳದ ಗಿರಾಕಿಯನ್ನು ಯಾವ ವ್ಯಾಪಾರಿಯೂ ಬಿಡುವುದಿಲ್ಲ. ಅಳತೆಯಲ್ಲಿ ಕಡಿಮೆ ಕೊಡುವವರನ್ನು ಎಚ್ಚರಿಸುವುದಕ್ಕಾಗಿ ಕುರ್‌ಆನಿನಲ್ಲಿ ಒಂದು ಅಧ್ಯಾಯವೇ ಇದೆ. ಅದನ್ನು ಓದಿ ನಿಟ್ಟುಸಿರು ಬಿಡುವವರು ಬಹಳ ಮಂದಿ, ಕೋಲು ಹಿಡಿಯುವವರು ಕಡಿಮೆ.

ಆದರೆ ಟ್ಯಾಂಕರಿನವನನ್ನು ಅಳೆದ ಕೋಲಿನಿಂದ ನಮ್ಮನ್ನೂ ಅಳೆದುಕೊಳ್ಳಬೇಕಲ್ಲ? ಮೇಲಿನ ಸಿಮೆಂಟ್ ಟ್ಯಾಂಕು ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲ. ಅದರಲ್ಲಿ ಒಂದು ಸೆಂಟಿಮೀಟರಿಗೆ 40 ಲೀಟರ್. ರಾತ್ರಿ ಹನ್ನೊಂದಕ್ಕೆ ಮೋಟಾರು ಆರಿಸಿ ಅಳೆದು, ಬೆಳಗಿನ ನಾಲ್ಕೂವರೆಗೆ, ಯಾರೂ ಏಳುವ ಮೊದಲು, ಮತ್ತೆ ಅಳೆದೆವು. ಇಡೀ ಕಟ್ಟಡ ಮಲಗಿದ್ದ ಹೊತ್ತಿನಲ್ಲಿ ಟ್ಯಾಂಕು ಎಂಟು ಸೆಂಟಿಮೀಟರ್ ಇಳಿದಿತ್ತು, ಅಂದರೆ 320 ಲೀಟರ್. ರಾತ್ರಿ ಎದ್ದವರ ಬಚ್ಚಲಿಗೆ 100 ಲೀಟರ್ ಬಿಟ್ಟರೂ ಐದೂವರೆ ಗಂಟೆಯಲ್ಲಿ 220 ಲೀಟರ್ ಎಲ್ಲಿಗೋ ಹೋಗಿದೆ. ಗಂಟೆಗೆ 40, ದಿನಕ್ಕೆ ಸುಮಾರು ಸಾವಿರ, ತಿಂಗಳಿಗೆ ಮೂವತ್ತು ಸಾವಿರ. ಆಗ ಬರುತ್ತಿದ್ದ ಲೋಡಿನ ಲೆಕ್ಕದಲ್ಲಿ ಇದು ಆರು ಟ್ಯಾಂಕರು. ಯಾರ ಬಾಯಿಗೂ, ಯಾರ ಬಟ್ಟೆಗೂ ಸೇರದ ಆರು ಟ್ಯಾಂಕರಿಗೆ ನಾವು 6,000 ರೂಪಾಯಿ ಕೊಡುತ್ತಿದ್ದೆವು.

ಸೋರಿಕೆ ಕಂಡುಹಿಡಿದದ್ದು ಎರಡನೇ ಮಹಡಿಯ ಕೋಲಾರದ ಮೇರಿಯಮ್ಮ. ಬಿಳಿ ಬಟ್ಟೆಗೆ ಹಾಕುವ ನೀಲಿಯ ನಾಲ್ಕು ಹನಿಯನ್ನು ಪ್ರತಿ ಮನೆಯ ಫ್ಲಶ್ ಟ್ಯಾಂಕಿಗೆ ಹಾಕಿ, ಇಪ್ಪತ್ತು ನಿಮಿಷ ಯಾರೂ ಫ್ಲಶ್ ಮಾಡಬಾರದೆಂದು ತಾಕೀತು ಮಾಡಿದರು. ಕೆಳಗಿನ ಕಮೋಡಿನಲ್ಲಿ ನೀಲಿ ಬಣ್ಣ ತಾನಾಗಿಯೇ ಕಂಡರೆ ಒಳಗಿನ ರಬ್ಬರ್ ವಾಶರ್ ಹೋಗಿದೆ ಎಂದರ್ಥ. ಎರಡು ಬಾಡಿಗೆ ಮನೆಗಳಲ್ಲಿ ಕಂಡಿತು. ಮೂರನೆಯದಾಗಿ ಕಂಡದ್ದು ಮೇಲಿನ ಮಹಡಿಯ ಮನೆಯಲ್ಲಿ. ಆ ಕ್ಷಣದಲ್ಲಿ ನಮಗೆಲ್ಲ ಒಂದು ವಿಷಯ ಹೊಳೆಯಿತು. ಮಾಲೀಕರ ಮನೆಯ ಐದು ಜನ, ಎರಡು ಕಾರು, ಮಹಡಿಯ ಮೇಲಿನ ಹೂಕುಂಡಗಳು ಎಲ್ಲವೂ ಇದೇ ಸಂಪಿನ ನೀರನ್ನು ಬಳಸುತ್ತಿದ್ದವು. ಆದರೆ ಗೋಡೆಯ ಚೀಟಿಯಲ್ಲಿ 40,000ವನ್ನು ಹಂಚಿದ್ದು ಹನ್ನೆರಡರಿಂದ, ಹದಿಮೂರರಿಂದಲ್ಲ.

ಈಗ ನೀರು ಬರುವ ಕ್ರಮದ ಮಾತು. ಸೋರಿಕೆ ನಿಂತ ಮೇಲೆ 57 ಜನರಿಗೆ ದಿನಕ್ಕೆ ಬೇಕಾದದ್ದು ಸುಮಾರು 5,400 ಲೀಟರ್, ತಲೆಗೆ 95 ಲೀಟರಿನಷ್ಟು. ಮೊದಲೆಲ್ಲ ಸಂಪು ಖಾಲಿಯಾದಾಗ ಫೋನು ಮಾಡುವುದು ರೂಢಿಯಾಗಿತ್ತು. ಬೇಸಿಗೆಯಲ್ಲಿ ಅದಕ್ಕಿಂತ ದೊಡ್ಡ ತಪ್ಪಿಲ್ಲ. ನಮ್ಮ ಸಂಪು ಖಾಲಿಯಾಗುವ ಭಾನುವಾರವೇ ಬೀದಿಯ ಎಲ್ಲ ಸಂಪುಗಳೂ ಖಾಲಿಯಾಗುತ್ತವೆ, ಟ್ಯಾಂಕರು ಮಂಗಳವಾರ ಬರುತ್ತದೆ. ಆದ್ದರಿಂದ ಕರೆದಾಗ ಬರುವುದನ್ನು ಬಿಟ್ಟು ವಾರದ ಕರಾರು ಮಾಡಿಕೊಂಡೆವು. ಶುಕ್ರವಾರ ಬಿಟ್ಟು ಉಳಿದ ಆರು ದಿನ ಬೆಳಿಗ್ಗೆ ಹತ್ತರೊಳಗೆ ಒಂದು ಲೋಡು, ಮೂರು ವಾರಕ್ಕೊಮ್ಮೆ ಏಳನೆಯದೊಂದು. ಕೋಲಿನ ಮೇಲೆ ಎರಡು ಗುರುತು ಹಾಕಿದೆವು. 80 ಸೆಂಟಿಮೀಟರಿನಲ್ಲಿ ಹಸಿರು: ನೀರು ಅದಕ್ಕಿಂತ ಕೆಳಗಿದ್ದರೆ ಮಾತ್ರ ಪೂರ್ತಿ ಲೋಡು ಹಿಡಿಸುತ್ತದೆ. ಮೇಲಿದ್ದಾಗ ತರಿಸಿದರೆ ಉಕ್ಕಿ ಚರಂಡಿಗೆ ಹೋಗುತ್ತದೆ, ಇಲ್ಲವೇ ಡ್ರೈವರ್ ಉಳಿದದ್ದನ್ನು ಪಕ್ಕದ ಬೀದಿಗೆ ಮಾರುತ್ತಾನೆ. 40 ಸೆಂಟಿಮೀಟರಿನಲ್ಲಿ ಕೆಂಪು: ಸಂಜೆ ನೀರು ಅಲ್ಲಿಗಿಳಿದೂ ಲೋಡು ಬಂದಿಲ್ಲವೆಂದರೆ ಎರಡನೇ ಟ್ಯಾಂಕರಿನವನಿಗೆ ಫೋನು. ಅಡಿಯ 20 ಸೆಂಟಿಮೀಟರ್ ಕೆಸರು, ಮೋಟಾರು ಅದನ್ನು ಎಳೆಯಬಾರದು. ಆದರೂ ಕೆಂಪು ಗೀಟಿನಲ್ಲಿ ಸಾವಿರ ಲೀಟರ್, ಮೇಲಿನ ಟ್ಯಾಂಕು ತುಂಬಿದ್ದರೆ ಅಲ್ಲಿ ಐದು ಸಾವಿರ, ಒಟ್ಟು ಒಂದು ದಿನದ ನೀರು ಕೈಯಲ್ಲಿರುತ್ತದೆ. ಆ ಒಂದು ದಿನವೇ ನಮಗೆ ಚೌಕಾಸಿ ಮಾಡುವ ಶಕ್ತಿ. ಸಂಪು ಒಣಗಿದವನು ದರ ಮಾತಾಡಲಾರ.

ಇನ್ನುಳಿದದ್ದು ಹಂಚಿಕೆ. ಇಲ್ಲಿಯೇ ನಮ್ಮ ಕಟ್ಟಡ ಎರಡು ಭಾಗವಾಯಿತು. ಮನೆಗಿಷ್ಟು ಎಂದು ಸಮನಾಗಿ ಹಂಚುವುದೇ ನ್ಯಾಯ ಎಂದರು ಕೆಲವರು. ಇಬ್ಬರಿರುವ ಖಾಲಾ 3,333, ಎಂಟು ಜನರಿರುವ ಮೂರನೇ ಮಹಡಿಯ ಮನೆಯೂ 3,333. ಇದು ಸಮಾನತೆಯಂತೆ ಕಾಣುತ್ತದೆ. ಆದರೆ ಖಾಲಾ ತಲೆಗೆ 1,666 ಕೊಡುತ್ತಿದ್ದರು, ಆ ಮನೆಯವರು 416. ಮನೆಗೊಂದು ಮೀಟರ್ ಹಾಕಿಸೋಣ ಎಂದರು ಇನ್ನು ಕೆಲವರು. ಒಳ್ಳೆಯ ಮಾತೇ. ಆದರೆ ಪ್ಲಂಬರ್ ಬಂದು ನೋಡಿ ತಲೆಯಾಡಿಸಿದ. ನಮ್ಮಂಥ ಕಟ್ಟಡಗಳಲ್ಲಿ ಮೇಲಿನ ಟ್ಯಾಂಕಿನಿಂದ ಅಡುಗೆಮನೆಗಳಿಗೆ ಒಂದು ಪೈಪು, ಬಚ್ಚಲುಗಳಿಗೆ ಇನ್ನೊಂದು ಪೈಪು ಮಹಡಿಯಿಂದ ಮಹಡಿಗೆ ಇಳಿಯುತ್ತವೆ. ಒಂದು ಮನೆಗೆ ಎರಡು ಮೂರು ಕಡೆಯಿಂದ ನೀರು ಬರುವಾಗ ಒಂದು ಮೀಟರ್ ಏನನ್ನು ಅಳೆದೀತು? ಟ್ಯಾಂಕಿಗೆ ಹತ್ತಿರವಿರುವ ಮೇಲಿನ ಮನೆಗಳಲ್ಲಿ ಒತ್ತಡ ಕಡಿಮೆ, ಅಲ್ಲಿ ಸಣ್ಣಗೆ ಹರಿಯುವ ನೀರನ್ನು ಮೀಟರ್ ಸರಿಯಾಗಿ ತೋರಿಸುವುದೂ ಇಲ್ಲ. ಹೊಸದಾಗಿ ಕಟ್ಟುವವರು ಮನೆಗೊಂದೇ ಪೈಪು ಇಟ್ಟು ಮೀಟರ್ ಹಾಕಿಸಲಿ. ಹಳೆಯ ಕಟ್ಟಡಕ್ಕೆ ತಲೆಯೆಣಿಕೆಯೇ ಗತಿ.

ತಲೆಯೆಣಿಕೆ ಎಂದಕೂಡಲೇ ಮೂರನೇ ಮಹಡಿಯ ಭಾಯಿಗೆ ಕೋಪ ಬಂತು. "ಪಾನೀ ಕಾ ಭೀ ಹಿಸಾಬ್ ಲಿಖ್ತೇ ಕ್ಯಾ? ನೀರು ಅಲ್ಲಾಹನ ಕೊಡುಗೆ, ಅದಕ್ಕೆ ತಲೆ ಎಣಿಸುವುದು ಹೀನ ಕೆಲಸ" ಎಂದರು. ಈ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ನೀರು ಎಲ್ಲರ ಸೊತ್ತು ಎಂಬುದು ನಮ್ಮ ಧರ್ಮದ ದೊಡ್ಡ ಮಾತುಗಳಲ್ಲೊಂದು. ಆದರೆ ಮದೀನಾದ ರೂಮಾ ಬಾವಿಯ ಕಥೆಯನ್ನು ಪೂರ್ತಿ ಕೇಳಿದವರು ಈ ವಾದ ಮಾಡಲಾರರು. ಬಾವಿಯ ಒಡೆಯ ನೀರನ್ನು ಮಾರುತ್ತಿದ್ದ. ಹಝ್ರತ್ ಉಸ್ಮಾನರು ಮೊದಲು ಕೊಂಡದ್ದು ಬಾವಿಯ ಅರ್ಧ ಪಾಲನ್ನು: ಒಂದು ದಿನ ಒಡೆಯನದು, ಮರುದಿನ ಉಸ್ಮಾನರದು. ಉಸ್ಮಾನರ ದಿನದಲ್ಲಿ ಜನ ಪುಕ್ಕಟೆಯಾಗಿ ಎರಡು ದಿನದ ನೀರು ತುಂಬಿಕೊಂಡರು, ಒಡೆಯನ ದಿನದಲ್ಲಿ ಕೊಳ್ಳುವವರೇ ಇಲ್ಲವಾದರು, ಕೊನೆಗೆ ಅವನು ಉಳಿದರ್ಧವನ್ನೂ ಮಾರಿದ. ನಾವು ಈ ಕಥೆಯಲ್ಲಿ ದಾನವನ್ನಷ್ಟೇ ನೋಡುತ್ತೇವೆ. ಅದರಲ್ಲಿ ಪಾಲಿದೆ, ದಿನದ ಸರದಿಯಿದೆ, ಲೆಕ್ಕವಿದೆ. ಲೆಕ್ಕವಿಲ್ಲದ ಕಡೆ ಪುಕ್ಕಟೆ ನೀರು ಸಿಗುವುದು ಬಲವಿದ್ದವನಿಗೆ. ನಮ್ಮ ಕಟ್ಟಡದಲ್ಲಿ ಲೆಕ್ಕ ಬೇಡವೆಂದವರ ಮನೆಯ ಖರ್ಚನ್ನು ಬಟ್ಟೆ ಹೊಲಿಯುವ ವಿಧವೆಯೊಬ್ಬರು ಹೊರುತ್ತಿದ್ದರು. ಹೀನ ಕೆಲಸ ಯಾವುದು, ಹೇಳಿ.

ದೊಡ್ಡ ಕುಟುಂಬಗಳಿಗೆ ಹೊರೆಯಾಗುತ್ತದೆ ಎಂಬ ಮಾತು ನಿಜ. ನಮ್ಮದೂ ಆರು ಜನರ ಮನೆ. ಆದರೆ ಅಳತೆ ಸರಿಯಾದ ಮೇಲೆ ಏನಾಯಿತೆಂದು ಕೇಳಿ. ಏಪ್ರಿಲ್ ಕೊನೆಯ ವಾರಕ್ಕೆ ಕೋಲು, ಸೋರಿಕೆ, ಸರದಿ ಎಲ್ಲವೂ ಕೂಡಿಬಂದವು. ಮೇ ತಿಂಗಳಲ್ಲಿ ಬಂದ ನೀರು 1,62,000 ಲೀಟರ್, ಖರ್ಚು 27,000 ರೂಪಾಯಿ. 40,000ದಿಂದ 27,000ಕ್ಕೆ ಇಳಿದದ್ದು ಮಳೆಯಿಂದಲ್ಲ. ಒಂದು ಬಿದಿರು ಕೋಲಿನಿಂದ, ಮೂರು ರಬ್ಬರ್ ವಾಶರುಗಳಿಂದ.

ಈ 27,000ದಲ್ಲಿ ಮಾಲೀಕರ ಪಾಲೆಷ್ಟು ಎಂಬುದು ಕೊನೆಯ ಹಾಗೂ ಅಸಲಿ ಪ್ರಶ್ನೆ. "ಬಾಡಿಗೆ ಬೇರೆ, ನೀರು ಬೇರೆ" ಎಂದರು ಅವರು. ಬೇರೆ ಹೇಗಾದೀತು? "24 ಗಂಟೆ ನೀರು" ಎಂಬ ಬೋರ್ಡು ಹಾಕಿ ಬಾಡಿಗೆ ಕಟ್ಟಿದವರು ಅವರು. ಬೋರು ಬತ್ತಿತು, ಆದರೆ ಬಾಡಿಗೆ ಬತ್ತಲಿಲ್ಲ. ಕಾನೂನಿನ ಬೆಂಬಲ ನಮಗೆ ಹೆಚ್ಚಿಲ್ಲ ಎಂಬುದನ್ನೂ ಓದುಗರು ತಿಳಿದಿರಬೇಕು. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಅಗತ್ಯ ಸೌಲಭ್ಯಗಳನ್ನು ತಡೆಹಿಡಿಯಬಾರದೆನ್ನುತ್ತದೆ. ಆದರೆ ಅದೇ ಕಾಯ್ದೆ ಬೆಂಗಳೂರಿನಂಥ ನಗರದಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚಿನ ಬಾಡಿಗೆಯ ಮನೆಗಳನ್ನು ಹೊರಗಿಟ್ಟಿದೆ. ಇಂದು 3,500ಕ್ಕೆ ಇಲ್ಲಿ ಯಾವ ಮನೆ ಸಿಗುತ್ತದೆ? ಹಾಗಾಗಿ ನಮ್ಮಂಥವರ ಕಾನೂನೆಂದರೆ ಹನ್ನೊಂದು ತಿಂಗಳ ಕರಾರು ಪತ್ರ. ಅದರಲ್ಲಿ ಬಣ್ಣ ಬಳಿಸುವುದಕ್ಕೆ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ಮಾತಿರುತ್ತದೆ, ಗೋಡೆಗೆ ಮೊಳೆ ಹೊಡೆಯಬಾರದೆಂಬ ಮಾತಿರುತ್ತದೆ. ನೀರಿನ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಸಹಿ ಹಾಕುವಾಗ ನಾವೂ ಕೇಳುವುದಿಲ್ಲ.

ಮಾಲೀಕರ ಪಾಲನ್ನು ನಾನು ಕೇಳುವುದು ಕೇವಲ ನ್ಯಾಯಕ್ಕಾಗಿ ಅಲ್ಲ. 2024ರ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತದ ಯೋಜನೆ ಉದ್ಘಾಟನೆಯಾಯಿತು. ಈ 110 ಹಳ್ಳಿಗಳಿಗೆಂದೇ ದಿನಕ್ಕೆ 77.5 ಕೋಟಿ ಲೀಟರ್ ನೀರು. ನಮ್ಮ ಬೀದಿಯಲ್ಲಿ ಪೈಪು ಅದಕ್ಕೂ ಮೊದಲೇ ಹೂತಿತ್ತು. ಆದರೆ ಪೈಪಿನಿಂದ ಕಟ್ಟಡಕ್ಕೆ ಸಂಪರ್ಕ ಪಡೆಯಲು ಆಸ್ತಿಯ ಕಾಗದ ಪತ್ರಗಳು ಬೇಕು, ಶುಲ್ಕ ಕಟ್ಟಬೇಕು. ಬಾಡಿಗೆದಾರ ಅರ್ಜಿ ಹಾಕಲಾರ. ಹಾಕಬೇಕಾದ ಮಾಲೀಕರಿಗೆ ಟ್ಯಾಂಕರಿನಿಂದ ಒಂದು ರೂಪಾಯಿಯೂ ನಷ್ಟವಿಲ್ಲದಿದ್ದರೆ ಅವರೇಕೆ ಹಾಕುತ್ತಾರೆ? ಸೋರುವ ವಾಶರನ್ನು ಏಕೆ ಬದಲಿಸುತ್ತಾರೆ? ಮನೆ ಸರಿಪಡಿಸುವ ಅಧಿಕಾರ ಒಬ್ಬರ ಕೈಯಲ್ಲಿ, ನೀರಿನ ಬಿಲ್ಲು ಇನ್ನೊಬ್ಬರ ಕೈಯಲ್ಲಿ ಇದ್ದರೆ ಯಾವುದೂ ಸರಿಯಾಗುವುದಿಲ್ಲ. ಇದು ಅವರ ಮನಸ್ಸಿನ ಕೆಡುಕಲ್ಲ, ವ್ಯವಸ್ಥೆಯ ಕೆಡುಕು.

ಹಾಗಾಗಿ ಮೇ ತಿಂಗಳ ಲೆಕ್ಕ ಕೂಡಿಸಿದ ದಿನ ನಾವು ಏಳು ಮನೆಗಳ ಹೆಂಗಸರು ಒಟ್ಟಿಗೆ ಮೇಲಿನ ಮಹಡಿಗೆ ಹೋದೆವು. ಅದಕ್ಕೂ ಮೊದಲು ಮಾಲೀಕರು ಎರಡು ಸಭೆ ಕರೆದಿದ್ದರು, ಎರಡಕ್ಕೂ ಕರೆದದ್ದು ಗಂಡಸರನ್ನು. ರೂಪಾಯಿಯ ಮಾತು ಗಂಡಸರದು, ಲೀಟರಿನ ಲೆಕ್ಕ ಹೆಂಗಸರದು. ಎರಡೂ ಒಂದೇ ಕೋಣೆಯಲ್ಲಿ ಕೂತಿರಲಿಲ್ಲವಾದ್ದರಿಂದ ಸಭೆಗಳು ಚಹಾದಲ್ಲಿ ಮುಗಿದಿದ್ದವು. ನಾವು ಪುಸ್ತಕ ಬಿಚ್ಚಿಟ್ಟೆವು. ಬಿಲ್ಲಿನ ಕಾಲು ಪಾಲು ಮಾಲೀಕರದು, ಉಳಿದದ್ದು ಅವರ ಮನೆಯೂ ಸೇರಿದಂತೆ ತಲೆಗಿಷ್ಟು, ಖಾಲಿ ಬಿದ್ದ ಮನೆಯ ಹಾಗೂ ಸೋರಿಕೆ ರಿಪೇರಿಯ ಖರ್ಚು ಅವರದು ಎಂದೆವು. ಹಾಜಿ ಸಾಹೇಬರು ಬಹಳ ಹೊತ್ತು ಪುಸ್ತಕ ನೋಡಿದರು. "ಬೇಸಿಗೆ ತಿಂಗಳುಗಳಿಗೆ ಮಾತ್ರ" ಎಂದರು. ಒಪ್ಪಿದೆವು.

ಲೆಕ್ಕ ಹೀಗಾಯಿತು. 27,000ದ ಕಾಲು ಪಾಲು 6,750. ಉಳಿದ 20,250ನ್ನು 57 ತಲೆಗಳಿಗೆ ಹಂಚಿದರೆ ತಲೆಗೆ 355. ಖಾಲಾ ಕೊಟ್ಟದ್ದು 710. ನಾವು 2,130. ಮೂರನೇ ಮಹಡಿಯ ಎಂಟು ಜನರ ಮನೆ 2,840, ಅಂದರೆ ತಲೆಯೆಣಿಕೆಯನ್ನು ವಿರೋಧಿಸಿದ ಭಾಯಿಯೂ ಮೊದಲಿಗಿಂತ ಸುಮಾರು 500 ರೂಪಾಯಿ ಕಡಿಮೆ ಕೊಟ್ಟರು. ಹೆಚ್ಚು ಕೊಟ್ಟದ್ದು ಮಾಲೀಕರೊಬ್ಬರೇ: ಐದು ತಲೆಯ 1,775 ಸೇರಿ 8,525. ಮಳೆ ಬಂದು ಬೋರು ಒಂದಿಷ್ಟು ಚೇತರಿಸಿಕೊಂಡಿತು, ಮಾತು ಮರೆತಂತಾಯಿತು. ಆದರೆ 2025ರ ಮಾರ್ಚಿನಲ್ಲಿ ಮತ್ತೆ ಎಂಟು ಸಾವಿರ ಚಿಲ್ಲರೆಯ ಚೀಟಿ ಮೇಲಿನ ಮಹಡಿಗೆ ಹೋದಾಗ, ಏಪ್ರಿಲಿನಲ್ಲಿ ಇನ್ನೊಂದು ಹೋದಾಗ, ಅವರು ಯಾರೂ ಹೇಳದೆಯೇ ಆಸ್ತಿಯ ಕಾಗದಗಳನ್ನು ಹಿಡಿದು ಜಲಮಂಡಳಿಯ ಕಚೇರಿಗೆ ಹೋದರು.

ಎಲ್ಲ ಸುಖಾಂತವಾಯಿತೆಂದು ಕಥೆಗಾರ್ತಿಯ ಚಟದಿಂದ ಮುಗಿಸಲಾರೆ. ಕಾವೇರಿ ಬಂದಿದೆ, ಆದರೆ ದಿನ ಬಿಟ್ಟು ದಿನ, ಎರಡು ಮೂರು ಗಂಟೆ. ಬೇಸಿಗೆಯಲ್ಲಿ ವಾರಕ್ಕೆ ಎರಡು ಲೋಡಾದರೂ ಬೇಕೇ ಬೇಕು. ಕರಾರು ನವೀಕರಿಸುವಾಗ ಬಾಡಿಗೆಗೆ ಐನೂರು ಏರಿತು, ಕಾಲು ಪಾಲಿನ ಒಂದಂಶ ಹಾಗೆ ಹಿಂದಕ್ಕೆ ಹೋಯಿತು. ಹಬ್ಬಕ್ಕೆ ಬಂದ ನೆಂಟರನ್ನು ತಲೆಗೆ ಸೇರಿಸಬೇಕೇ ಎಂಬ ಜಗಳ ಇನ್ನೂ ಇದೆ. ಮೂರು ರಾತ್ರಿಗಿಂತ ಹೆಚ್ಚು ಉಳಿದವರನ್ನು ಸೇರಿಸುತ್ತೇವೆ, ಅದಕ್ಕಿಂತ ಕಡಿಮೆಯಾದರೆ ಅತಿಥಿಗಳು, ಎಂದಿಟ್ಟುಕೊಂಡಿದ್ದೇವೆ.

ಆದರೆ ಈ ಬಾರಿಯ ಕರಾರಿನಲ್ಲಿ ಮೂರು ಹೊಸ ಸಾಲುಗಳಿವೆ. ಬೋರು ನಿಂತರೆ ಟ್ಯಾಂಕರ್ ಖರ್ಚಿನ ಕಾಲು ಪಾಲು ಮಾಲೀಕರದು. ಉಳಿದದ್ದು ಮಾಲೀಕರ ಮನೆಯೂ ಸೇರಿದಂತೆ ತಲೆಗಿಷ್ಟು. ನೀರಿನ ಪುಸ್ತಕ ಮೆಟ್ಟಿಲ ಕೆಳಗೆ, ಯಾರು ಬೇಕಾದರೂ ನೋಡುವಂತೆ ಇರತಕ್ಕದ್ದು. ಬಾಡಿಗೆ ಮನೆಯಲ್ಲಿರುವ ಓದುಗರು ಮುಂದಿನ ಸಹಿ ಹಾಕುವ ಮೊದಲು ಈ ಮೂರು ಸಾಲನ್ನು ಕೇಳಲಿ. ಮನೆಗಳನ್ನು ಬಾಡಿಗೆಗೆ ಕೊಟ್ಟಿರುವ ಓದುಗರು ಈ ಪತ್ರಿಕೆಗೂ ಇದ್ದಾರೆ. ಕೇಳುವ ಮೊದಲೇ ಅವರು ಬರೆದುಕೊಡಲಿ. ನಮ್ಮ ಪುಸ್ತಕವನ್ನು ಈಗ ಬರೆಯುವುದು ಖಾಲಾನ ಮಗಳು. ಕೋಲು ಅವಳ ಬಾಗಿಲ ಪಕ್ಕದಲ್ಲಿ ಒರಗಿ ನಿಂತಿದೆ. ಬೆಳಿಗ್ಗೆ ಹತ್ತಕ್ಕೆ ಟ್ಯಾಂಕರಿನ ಹಾರನ್ ಕೇಳಿದರೆ ಡ್ರೈವರನೇ ಮೊದಲು ಅದನ್ನು ಕೈಗೆತ್ತಿಕೊಳ್ಳುತ್ತಾನೆ.